ಹತ್ತರಲ್ಲಿ ಒಂದು ಪಾಲು

ಪ್ರಶ್ನೆ: ತೀರ್ಥಹಳ್ಳಿ ಕಡೆಯ ಒಂದು ತೊಟ್ಟಿಮನೆ, ಅಜ್ಜ ಕಟ್ಟಿಸಿದ್ದು. ಅದನ್ನು ಮಾರಬೇಕೋ ಬೇಡವೋ ಅಂತ ಇಬ್ಬರು ಜಗಳವಾಡುವ ಸಣ್ಣಕತೆ ಬರೆಯುತ್ತಿದ್ದೇನೆ. ಒಬ್ಬ ಶ್ರೀಪತಿ, 66 ವರ್ಷ, ಆ ಮನೆಯಲ್ಲೇ ಇರುವವನು. ಇನ್ನೊಬ್ಬಳು ಅವನ ಚಿಕ್ಕಪ್ಪನ ಮಗಳು ಮಾನಸಾ, 32, ಬೆಂಗಳೂರಿನವಳು. ಅವನು ಪರಂಪರೆ ಅಂತಾನೆ, ಅವಳು ದುಡ್ಡು ಅಂತಾಳೆ. ಓದಿದವರೆಲ್ಲ ‘ಚರ್ಚಾಸ್ಪರ್ಧೆ ಥರ ಇದೆ’ ಅಂದರು. ಕೊನೆಗೆ ಮನೆ ಉಳಿಸಿದರೆ ಸಿನಿಮಾ ಆಗುತ್ತೆ, ಮಾರಿಸಿದರೆ ಉಪದೇಶ ಆಗುತ್ತೆ. ಎಲ್ಲಿ ಎಡವುತ್ತಿದ್ದೇನೆ?

ಉತ್ತರ: ಸಂಭಾಷಣೆ ತಿದ್ದುವುದನ್ನು ಸದ್ಯಕ್ಕೆ ನಿಲ್ಲಿಸಿ. ಒಂದು ಹಾಳೆ ತೆಗೆದುಕೊಂಡು ಆ ಮನೆ ಯಾರ್ಯಾರದು, ಎಷ್ಟೆಷ್ಟು ಎಂದು ಬರೆಯಿರಿ. ಕತೆಯಲ್ಲಿ ಈ ಲೆಕ್ಕ ಒಂದು ಸಾಲಿನಷ್ಟೂ ಬಾರದಿರಬಹುದು. ಆದರೆ ಬರೆಯುವವರಿಗೆ ಅದು ಗೊತ್ತಿಲ್ಲದಿದ್ದರೆ ಪಾತ್ರಗಳಿಗೆ ಮಾತಾಡುವುದರ ಹೊರತು ಬೇರೆ ಕೆಲಸವೇ ಇರುವುದಿಲ್ಲ. ಮಾಡಲು ಕೆಲಸವಿಲ್ಲದ ಪಾತ್ರಗಳು ‘ಪರಂಪರೆ’, ‘ದುಡ್ಡು’ ಎಂದು ದೊಡ್ಡ ಮಾತಾಡತೊಡಗುತ್ತವೆ.

ಮೊದಲು ವಯಸ್ಸುಗಳನ್ನು ಹೊಂದಿಸೋಣ. ಕತೆ 2024ರ ಮೇ ತಿಂಗಳಲ್ಲಿ ನಡೆಯುತ್ತದೆ ಎಂದಿಟ್ಟುಕೊಳ್ಳಿ. ಶ್ರೀಪತಿ 1958ರಲ್ಲಿ ಹುಟ್ಟಿದವನು, ಮಾನಸಾ 1992ರಲ್ಲಿ. ಅಜ್ಜ 1910ರವನಾದರೆ ಹಿರಿಯ ಮಗ, ಅಂದರೆ ಶ್ರೀಪತಿಯ ಅಪ್ಪ, 1932ರಲ್ಲಿ ಹುಟ್ಟಿರಬಹುದು. ಕಿರಿಯ ಮಗ, ಅಂದರೆ ಮಾನಸಾಳ ಅಪ್ಪ, 1954ರಲ್ಲಿ. ನಡುವೆ ಇಬ್ಬರು ಹೆಣ್ಣುಮಕ್ಕಳು, ಇನ್ನೊಬ್ಬ ಗಂಡುಮಗ. ಹಿಂದಿನ ಮನೆಗಳಲ್ಲಿ ಮೊದಲ ಕೂಸಿಗೂ ಕೊನೆಯ ಕೂಸಿಗೂ ಇಪ್ಪತ್ತು ವರ್ಷದ ಅಂತರ ಮಾಮೂಲು. ಅತ್ತೆಯೂ ಸೊಸೆಯೂ ಒಟ್ಟಿಗೆ ಬಾಣಂತನ ಮಾಡಿಸಿಕೊಂಡ ಮನೆಗಳು ಬೇಕಾದಷ್ಟಿದ್ದವು.

ಇಷ್ಟು ಬರೆದೊಡನೆ ನಿಮ್ಮ ಕರಡಿನಲ್ಲಿ ಇಲ್ಲದ ಒಂದು ಸಂಗತಿ ಎದ್ದುಬರುತ್ತದೆ. ಶ್ರೀಪತಿಗೂ ಮಾನಸಾಳ ಅಪ್ಪನಿಗೂ ಇರುವುದು ಬರೀ ನಾಲ್ಕು ವರ್ಷದ ಅಂತರ. ನಂಟಿನಲ್ಲಿ ಚಿಕ್ಕಪ್ಪ, ಬದುಕಿನಲ್ಲಿ ಜೊತೆಗಾರ. ಒಂದೇ ಶಾಲೆಗೆ ಹೋದವರು, ಒಂದೇ ಕೆರೆಯಲ್ಲಿ ಈಜು ಕಲಿತವರು. ಹೀಗಾಗಿ ಮಾನಸಾ ‘ಅಣ್ಣಯ್ಯ’ ಎಂದು ಕರೆಯುವ ಮನುಷ್ಯನಿಗೆ ಅವಳ ಅಪ್ಪನ ಬಗ್ಗೆ ಅವಳಿಗಿಂತ ಹೆಚ್ಚು ಗೊತ್ತು. ಅಪ್ಪನ ಸಾಲ, ಅಪ್ಪ ಊರು ಬಿಟ್ಟ ಕಾರಣ, ಬಿಟ್ಟು ಹೋಗುವಾಗ ಆಡಿದ ಮಾತು, ಎಲ್ಲ ಅವನ ಹೊಟ್ಟೆಯಲ್ಲಿದೆ. ಸಾಮಾನ್ಯ ಅಣ್ಣತಂಗಿಯರ ಜಗಳದಲ್ಲಿ ಸಿಗದ ಸರಕು ಇದು. ನೀವು ಇವರಿಬ್ಬರನ್ನು ಹಳೇ ತಲೆಮಾರು, ಹೊಸ ತಲೆಮಾರು ಎಂದು ಮಾತ್ರ ನೋಡಿದ್ದೀರಿ.

ಈಗ ಪಾಲು. ಅಜ್ಜ ತನ್ನ ದುಡಿಮೆಯಿಂದ ಜಾಗ ಕೊಂಡು ಮನೆ ಕಟ್ಟಿದ, ಉಯಿಲು ಬರೆಯದೆ 1990ರಲ್ಲಿ ತೀರಿಕೊಂಡ ಎನ್ನೋಣ. ಊರಿನವರು ಅದನ್ನು ಪಿತ್ರಾರ್ಜಿತ ಮನೆ ಎನ್ನುತ್ತಾರೆ. ಕಾನೂನಿನ ಕಣ್ಣಿಗೆ ಅದು ಅಜ್ಜನ ಸ್ವಯಾರ್ಜಿತ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅದು ಅಜ್ಜಿಗೂ ಐದು ಮಕ್ಕಳಿಗೂ ಸಮವಾಗಿ ಹೋಗುತ್ತದೆ, ಹೆಣ್ಣುಮಕ್ಕಳೂ ಸೇರಿ. ಹೆಣ್ಣುಮಕ್ಕಳಿಗೆ ಪಾಲು ಬಂದದ್ದೇ 2005ರ ತಿದ್ದುಪಡಿಯಿಂದ ಎಂದು ಬಹಳ ಜನ ನಂಬಿದ್ದಾರೆ, ಕತೆಗಳಲ್ಲೂ ಹಾಗೇ ಬರುತ್ತದೆ. ಆ ತಿದ್ದುಪಡಿ ಮುಖ್ಯವಾಗಿ ಅವಿಭಕ್ತ ಕುಟುಂಬದ ಆಸ್ತಿಗೆ ಸಂಬಂಧಿಸಿದ್ದು. ತಂದೆಯ ಸ್ವಂತ ಗಳಿಕೆಯಲ್ಲಿ ಮಗಳಿಗೆ 1956ರಿಂದಲೇ ಸಮಪಾಲಿದೆ.

ಅಜ್ಜಿ 1998ರಲ್ಲಿ ತೀರಿಕೊಂಡಳು. ಅವಳ ಭಾಗವೂ ಐವರಿಗೆ ಹಂಚಿಹೋಯಿತು. ಅಲ್ಲಿಗೆ ಐವರಿಗೂ ಐದರಲ್ಲೊಂದು. ಹಿರಿಯ ಮಗ 2012ರಲ್ಲಿ, ಅವನ ಹೆಂಡತಿ 2016ರಲ್ಲಿ ತೀರಿಕೊಂಡರು, ಉಳಿದದ್ದು ಶ್ರೀಪತಿ ಮತ್ತು ಅವನ ಒಡಹುಟ್ಟಿದ ತಂಗಿ. ಇಬ್ಬರಿಗೂ ಹತ್ತರಲ್ಲೊಂದು. ಕಿರಿಯ ಮಗ 2020ರಲ್ಲಿ ತೀರಿಕೊಂಡ, ಉಳಿದದ್ದು ಮಾನಸಾ ಮತ್ತು ಅವಳ ತಾಯಿ. ಅವರಿಗೂ ಹತ್ತರಲ್ಲೊಂದು, ಹತ್ತರಲ್ಲೊಂದು.

ಅಂದರೆ ಹುಟ್ಟಿದಾಗಿನಿಂದ ಅದೇ ಸೂರಿನ ಕೆಳಗಿರುವ 66ರ ಶ್ರೀಪತಿಗೂ, ಬೇಸಿಗೆ ರಜೆಗೆ ಬಂದುಹೋಗುತ್ತಿದ್ದ 32ರ ಮಾನಸಾಗೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ಸಮಪಾಲು. ಇಬ್ಬರದೂ ಸೇರಿದರೂ ಮನೆಯ ಐದನೇ ಒಂದು ಭಾಗ ಅಷ್ಟೇ. ಹತ್ತರಲ್ಲಿ ಆರು ಪಾಲು ಇರುವುದು ನಿಮ್ಮ ಕರಡಿನಲ್ಲಿ ಬಾಯಿಯೇ ತೆರೆಯದ ಮೂವರ ಹತ್ತಿರ, ಮುಂಬೈಯಲ್ಲಿರುವ ಚಿಕ್ಕಪ್ಪ ಮತ್ತು ಇಬ್ಬರು ಅತ್ತೆಯಂದಿರು. ಮನೆ ಇಡಿಯಾಗಿ ಮಾರಾಟವಾಗಬೇಕಾದರೆ ಇವರೆಲ್ಲರ ಸಹಿ ಬೇಕು. ‘ನನ್ನ ಪಾಲು ನಾನು ಮಾರ್ಕೋತೀನಿ’ ಎಂಬ ಬೆದರಿಕೆಯ ಮಾತು ಇಂಥ ಕತೆಗಳಲ್ಲಿ ಹೇರಳ. ಹಾಗೆ ಮಾರುವುದಕ್ಕೆ ಅಡ್ಡಿಯಿಲ್ಲ, ಆದರೆ ಕೊಂಡ ಹೊರಗಿನವನು ಆ ಮನೆಯೊಳಗೆ ಬಂದು ಕೂರುವಂತಿಲ್ಲ, ಪಾಲಿಗಾಗಿ ದಾವೆ ಹೂಡಬೇಕು. ಹೂಡಿದಾಗ ಆ ಪಾಲನ್ನು ಬೆಲೆ ಕಟ್ಟಿಸಿ ಮನೆಯವರೇ ಕೊಂಡುಕೊಳ್ಳುವುದಕ್ಕೆ 1893ರ ವಿಭಾಗ ಕಾಯ್ದೆಯಲ್ಲಿ ಅವಕಾಶವಿದೆ. ಹಾಗಾಗಿ ಬುದ್ಧಿಯಿರುವ ಗಿರಾಕಿ ಹತ್ತರಲ್ಲೊಂದು ಪಾಲಿಗೆ ಕೈಹಾಕುವುದಿಲ್ಲ, ಹಾಕಿದರೂ ಬಿಡಿಕಾಸಿಗೆ ಕೇಳುತ್ತಾನೆ.

ಇದರಿಂದ ಕತೆಗೆ ಏನು ಸಿಕ್ಕಿತು? ಇಬ್ಬರೂ ಒಬ್ಬರನ್ನೊಬ್ಬರು ಒಪ್ಪಿಸಿ ಪ್ರಯೋಜನವಿಲ್ಲ. ಇಬ್ಬರೂ ಮೂರನೆಯವರ ಮನೆಗೆ ಹೋಗಬೇಕು. ಅಲ್ಲಿಗೆ ಜಗುಲಿಯ ವಾದ ಮುರಿದು ಕಾಲಿಗೆ ಚಪ್ಪಲಿ ಬಂತು.

ಎರಡನೆಯದು, ಯಾರಿಗೆ ಏನು ಬೇಕು ಎಂಬುದು. ಮುದುಕ ಉಳಿಸು ಎನ್ನುವುದು, ಹುಡುಗಿ ಮಾರು ಎನ್ನುವುದು ಓದುಗ ಮೊದಲ ಸಾಲಿನಲ್ಲೇ ಊಹಿಸುವ ಜೋಡಿ. ಅದನ್ನು ಸುಮ್ಮನೆ ತಿರುಗಿಸಿಟ್ಟರೂ ಜಾಣತನ ಕಾಣುತ್ತದೆಯೇ ಹೊರತು ಕತೆಯಾಗುವುದಿಲ್ಲ. ಮನೆ ನಿಲ್ಲಬೇಕಾದರೆ ವರ್ಷಕ್ಕೆ ಏನು ಕೆಲಸ, ಅದು ಯಾರ ಮೈಮೇಲೆ ಬೀಳುತ್ತದೆ ಎಂದು ಕೇಳಿಕೊಳ್ಳಿ. ಯಾರಿಗೆ ಏನು ಬೇಕೆಂಬುದು ಅದರಲ್ಲೇ ಸಿಗುತ್ತದೆ.

ನಿಮ್ಮ ತೊಟ್ಟಿಮನೆಗೆ ಎರಡು ಸಾವಿರ ಚದರಡಿಯ ಮಾಡು ಎಂದರೆ ಸುಮಾರು ಮೂರು ಸಾವಿರ ಮಂಗಳೂರು ಹಂಚು. ಪ್ರತಿವರ್ಷ ಮಳೆಗೆ ಮುಂಚೆ ಯಾರಾದರೂ ಮೇಲೆ ಹತ್ತಿ ಸರಿದ ಹಂಚು ಕೂರಿಸಬೇಕು, ಒಡೆದದ್ದು ಬದಲಿಸಬೇಕು, ಎರಡು ಮಾಡು ಕೂಡುವ ಮೂಲೆಯಲ್ಲಿ ಕಟ್ಟಿಕೊಂಡ ತರಗೆಲೆ ತೆಗೆಯಬೇಕು. ಮಂಗಗಳ ಹಿಂಡು ಒಮ್ಮೆ ಓಡಿಹೋದರೆ ಮತ್ತೆ ಹತ್ತಬೇಕು. ಒಂದು ಹಂಚು ಸೀಳು ಬಿಟ್ಟರೆ ಮೊದಲ ಮಳೆಗಾಲದಲ್ಲಿ ಗೊತ್ತೇ ಆಗುವುದಿಲ್ಲ. ನೀರು ಹನಿಹನಿಯಾಗಿ ಹಂಚು ಹೊತ್ತ ಮರದ ರೀಪಿನ ಮೇಲೆ ಬೀಳುತ್ತದೆ. ರೀಪು ಕುಂಬಾದ ಮೇಲೆ ಅದರ ಮೇಲಿನ ಸಾಲಿನ ಹಂಚು ಜಾರುತ್ತದೆ, ಆಗ ಹನಿ ಹೋಗಿ ಧಾರೆಯಾಗುತ್ತದೆ. ಆ ಧಾರೆ ಮಣ್ಣಿನ ಗೋಡೆಯ ತಲೆಗೆ ಇಳಿದರೆ ಗೋಡೆ ಒಳಗಿಂದೊಳಗೇ ಮೆತ್ತಗಾಗಿ ಒಂದು ಮಳೆಗಾಲದಲ್ಲಿ ಕೂತುಬಿಡುತ್ತದೆ. ಬೀಗ ಹಾಕಿದ ಮನೆಗಳು ಬೀಳುವುದು ಬಹುಪಾಲು ಹೀಗೇ. ಸೌದೆ ಒಲೆ ಆರಿದ ಮನೆಗೆ ಇನ್ನೊಂದು ಕಷ್ಟವಿದೆ. ದಿನವೂ ಹೊಗೆ ತಾಗುತ್ತಿದ್ದ ಅಟ್ಟದ ಮರ ಒಣಗಿ, ಮಸಿ ಹಿಡಿದು, ಹುಳಕ್ಕೆ ಒಗ್ಗದಂತಿರುತ್ತದೆ. ಗ್ಯಾಸ್ ಬಂದು ಹೊಗೆ ನಿಂತ ಮೇಲೆ ಮಲೆನಾಡಿನ ಥಂಡಿ ಅದೇ ಮರಕ್ಕೆ ಇಳಿಯುತ್ತದೆ.

ಈಗ ಹೇಳಿ, ಈ ಮಾಡು ಹತ್ತುತ್ತಿದ್ದವನು ಯಾರು? ಶ್ರೀಪತಿ. 66ಕ್ಕೆ ಮಂಡಿ ಒಪ್ಪುವುದಿಲ್ಲ, ಆಳು ಸಿಗುವುದಿಲ್ಲ, ಸಿಕ್ಕ ಆಳು ರೀಪಿನ ಮೇಲೆ ಕಾಲಿಡುವ ಬಗೆ ತಿಳಿಯದೆ ನಾಲ್ಕು ಹಂಚು ಕೂರಿಸಲು ಹೋಗಿ ಹತ್ತು ಮುರಿಯುತ್ತಾನೆ. ಮಾರಿಬಿಡೋಣ ಎನ್ನುವುದು ಅವನಿಗೇ ಸಹಜ. ಮಾನಸಾಗೆ ಆ ಮನೆ ಖರ್ಚಿಲ್ಲದ ಮನೆ. ಬಾಡಿಗೆ ಫ್ಲ್ಯಾಟಿನಲ್ಲಿ ಕೂತು ‘ಉಳಿಯಲಿ’ ಎನ್ನಲು ಏನೂ ತೆರಬೇಕಾಗಿಲ್ಲ. ಇಬ್ಬರಲ್ಲಿ ಯಾರನ್ನೂ ನೀವು ತೂಗಿ ತೋರಿಸಬೇಡಿ. ಅವಳಿಗೂ ಸಾಚಾ ಕಾರಣ ಕೊಡಿ: 2020ರಲ್ಲಿ ಅಪ್ಪ ಸತ್ತಾಗ ಊರಿಗೆ ತರಲಾಗಲಿಲ್ಲ. ಅದನ್ನು ಅವಳ ಬಾಯಿಂದ ಹೇಳಿಸಬೇಡಿ, ಶ್ರೀಪತಿಯ ಬಾಯಿಂದಲೂ ಬೇಡ. ಇಸವಿ ಸಾಕು, ಓದುಗ ಲೆಕ್ಕ ಹಾಕಿಕೊಳ್ಳುತ್ತಾನೆ.

ಕತೆಯನ್ನು ಶ್ರಾದ್ಧದ ದಿನ ಶುರುಮಾಡಿದ್ದೀರಿ. ಎಲ್ಲರೂ ಒಂದೆಡೆ ಸೇರುತ್ತಾರೆಂಬ ಅನುಕೂಲಕ್ಕೆ ಎಲ್ಲ ಕತೆಗಾರರೂ ಆರಿಸುವ ದಿನ ಅದು. ಎಲ್ಲರೂ ಸೇರಿದರೆ ನಿಮಗೆ ನಷ್ಟವೇ, ಸಹಿಗಾಗಿ ಅಲೆಯುವುದೇ ತಪ್ಪಿಹೋಗುತ್ತದೆ. ಮರದ ವ್ಯಾಪಾರಿ ಅಳತೆಗೆ ಬಂದ ಬೆಳಿಗ್ಗೆಯಿಂದ ಶುರುಮಾಡಿ. ಮಲೆನಾಡಿನ ಹಳೇ ಮನೆಗಳು ಎಷ್ಟೋ ಸಲ ಮನೆಯಾಗಿ ಮಾರಾಟವಾಗುವುದಿಲ್ಲ, ಕಂಬ, ತೊಲೆ, ಬಾಗಿಲುವಾಡಗಳಾಗಿ ಬಿಚ್ಚಿ ಹೋಗುತ್ತವೆ. ಲೆಕ್ಕ ಘನ ಅಡಿಯಲ್ಲಿ. ಅಗಲ ಮತ್ತು ದಪ್ಪ ಅಂಗುಲದಲ್ಲಿ, ಉದ್ದ ಅಡಿಯಲ್ಲಿ ಹಿಡಿದು ಗುಣಿಸಿ 144ರಿಂದ ಭಾಗಿಸುತ್ತಾರೆ. ಎಂಟಂಗುಲ ಚೌಕದ ಒಂಬತ್ತಡಿ ಕಂಬ ಸರಿಯಾಗಿ ನಾಲ್ಕು ಘನ ಅಡಿ. ಹನ್ನೆರಡು ಕಂಬವಿದ್ದರೆ 48. ಈ ದೃಶ್ಯ ಹೀಗೆ ಬರಬಹುದು:

“ಎಂಟು,” ಎಂದ ವ್ಯಾಪಾರಿ. ಟೇಪನ್ನು ಕಂಬದ ಇನ್ನೊಂದು ಮಗ್ಗುಲಿಗೆ ತಿರುಗಿಸಿದ. “ಎಂಟು. ಉದ್ದ ಒಂಬತ್ತು.” ಜೊತೆಗಿದ್ದ ಹುಡುಗ ಬರೆದುಕೊಂಡ.

“ಒಂಬತ್ತೂಕಾಲು,” ಅಂದ ಶ್ರೀಪತಿ. “ಕಾಲಡಿ ಕಲ್ಲಿನೊಳಗೆ ಕೂತಿದೆ.”

“ಬುಡ ನಾ ಹಿಡಿಯಲ್ಲ ಸ್ವಾಮಿ. ಗೆದ್ದಲು ತಿಂದಿರ್ತದೆ.”

“ಈ ಕಂಬದ್ದು ತಿಂದಿಲ್ಲ.”

ವ್ಯಾಪಾರಿ ಕತ್ತಿಯ ಬೆನ್ನಿನಿಂದ ಬುಡಕ್ಕೆ ತಟ್ಟಿದ. ಸದ್ದು ಗಟ್ಟಿಯಿತ್ತು. ಒಂದು ಗೇಣು ಮೇಲೆ ತಟ್ಟಿದ. ಅಲ್ಲೂ ಗಟ್ಟಿ. “ಸರಿ, ಒಂಬತ್ತೂಕಾಲು ಬರ್ಕೋ,” ಎಂದ ಹುಡುಗನಿಗೆ.

ಮಾನಸಾ ಕಾಫಿಲೋಟ ಹಿಡಿದು ತೊಟ್ಟಿಯ ಆಚೆ ಕಡೆ ನಿಂತಿದ್ದಳು. “ಅಣ್ಣಯ್ಯ, ಮನೆ ನೋಡೋಕೆ ಬರ್ತಾರೆ ಅಂದಿದ್ದೆ ನೀನು.”

“ನೋಡ್ತಿದಾರಲ್ಲ.”

ಇಲ್ಲಿ ಪರಂಪರೆಯ ಮಾತಿಲ್ಲ, ದುಡ್ಡಿನ ಮಾತೂ ಇಲ್ಲ. ಆದರೂ ಕಾಲಡಿಗೆ ಚೌಕಾಸಿ ಮಾಡುವವನಿಗೆ ಆ ಕಂಬದ ಪರಿಚಯ ಎಷ್ಟಿದೆ ಎನ್ನುವುದು ಗೊತ್ತಾಯಿತು, ಅದನ್ನು ಮಾರಲು ಅವನು ತಯಾರಿದ್ದಾನೆ ಎನ್ನುವುದೂ ಗೊತ್ತಾಯಿತು. ಮಾನಸಾ ಇಲ್ಲಿ ‘ನೀನು’ ಎನ್ನುತ್ತಿದ್ದಾಳೆ, ಗಮನಿಸಿ. ಜಗಳ ಬಿರುಸಾದಾಗ ಅವಳು ದನಿ ಏರಿಸುವುದು ಬೇಡ, ‘ನೀವು’ ಎನ್ನಲಿ. ನಿಮ್ಮ ಕರಡಿನ ಎರಡು ಪುಟದ ಕೂಗಾಟ ಅಷ್ಟರಲ್ಲಿ ತೀರುತ್ತದೆ. ಈ ಬದಲಾವಣೆ ಒಂದೇ ಸಲ ಆಗಬೇಕು, ಅದನ್ನು ನಿರೂಪಕ ವಿವರಿಸಕೂಡದು.

ನಡುವಿಗೆ ಒಂದು ಕಾಗದ ಬೇಕು. ಮಾನಸಾಳ ಅಪ್ಪ 1979ರಲ್ಲಿ ಊರು ಬಿಡುವಾಗ ಅಜ್ಜನಿಂದ ಹಣ ತೆಗೆದುಕೊಂಡು, ‘ಇನ್ನು ಈ ಮನೆಯಲ್ಲಿ ನನಗೆ ಪಾಲಿಲ್ಲ’ ಎಂದು ಒಂದು ಚೀಟಿ ಬರೆದುಕೊಟ್ಟಿದ್ದ ಎನ್ನಿ. ಸಾಕ್ಷಿ ಹಾಕಿದವನು ಆಗ 21 ವರ್ಷದ ಶ್ರೀಪತಿ. ಆ ಚೀಟಿ ಈಗ ಅವನ ಟ್ರಂಕಿನಲ್ಲಿದೆ. ಈ ಕಾಗದದ ಗುಣವೇನೆಂದರೆ, ಅದಕ್ಕೆ ಬೆಲೆ ಇದೆ ಎಂದೂ ವಾದಿಸಬಹುದು, ಇಲ್ಲ ಎಂದೂ ವಾದಿಸಬಹುದು. ತಂದೆ ಬದುಕಿರುವಾಗ ಅವನ ಸ್ವಯಾರ್ಜಿತದಲ್ಲಿ ಮಗನಿಗಿರುವುದು ನಿರೀಕ್ಷೆ ಮಾತ್ರ. ಇನ್ನೂ ಹುಟ್ಟದ ಹಕ್ಕನ್ನು ಬಿಟ್ಟುಕೊಡುವುದೆಂದರೇನು ಎಂದು ಒಬ್ಬ ವಕೀಲ ಕೇಳುತ್ತಾನೆ, ಮೇಲಾಗಿ ಅದು ನೋಂದಣಿಯಾಗಿಲ್ಲ. ಹಣ ಪಡೆದು ಬರೆದುಕೊಟ್ಟ ಮೇಲೆ ಅವನೂ ಅವನ ಮಕ್ಕಳೂ ಮಾತು ತಿರುಗಿಸುವಂತಿಲ್ಲ ಎಂದು ಇನ್ನೊಬ್ಬ ಹೇಳುತ್ತಾನೆ. ನ್ಯಾಯಾಲಯಗಳು ಈ ಎರಡನೆಯ ವಾದವನ್ನು ಎತ್ತಿಹಿಡಿದದ್ದೂ ಉಂಟು. ಖಚಿತ ಉತ್ತರವಿಲ್ಲದ ಕಾಗದವೇ ಕತೆಗೆ ಒಳ್ಳೆಯದು, ಏಕೆಂದರೆ ಅದನ್ನು ತೆಗೆಯುವುದೋ ಬಿಡುವುದೋ ಎಂಬುದು ಶ್ರೀಪತಿಯ ಸ್ವಭಾವಕ್ಕೆ ಬಿಟ್ಟದ್ದಾಗುತ್ತದೆ. ನನ್ನ ಮಟ್ಟಿಗೆ ಅವನು ತೋರಿಸಬಾರದು, ಆದರೆ ಅದು ಇದೆಯೆಂದು ಮಾನಸಾಗೆ ಬೇರೆ ಯಾರಿಂದಲೋ ತಿಳಿಯಬೇಕು. ಜೋರಾಗಿ ವಾದಿಸುತ್ತಿದ್ದವಳಿಗೆ, ಇದುವರೆಗೂ ತಾನು ಅವನ ಮೌನದ ಮೇಲೆ ನಿಂತು ವಾದಿಸುತ್ತಿದ್ದೆ ಎಂದು ಹೊಳೆಯಬೇಕು.

ಯಾರಿಂದ ತಿಳಿಯಬೇಕು? ಇಲ್ಲಿಗೆ ಕಿರಿಯ ಅತ್ತೆಯನ್ನು ತನ್ನಿ. 1948ರಲ್ಲಿ ಹುಟ್ಟಿದವಳು, ಸಾಗರದಲ್ಲಿ ಮಗನ ಮನೆಯಲ್ಲಿದ್ದಾಳೆ, ಕೈಯಲ್ಲಿ ಐದರಲ್ಲೊಂದು ಪಾಲು, ಅಂದರೆ ಶ್ರೀಪತಿ ಮಾನಸಾ ಇಬ್ಬರದೂ ಕೂಡಿದಷ್ಟು. ಅವಳ ಬಗ್ಗೆ ಮನೆಯವರೆಲ್ಲ ಹೇಳುವುದು ಒಂದೇ ಮಾತು: “ಅವಳು ಆಗಲೇ ಬೇಡ ಅಂದಿದ್ದಾಳೆ.” ಬಾಯಿಮಾತಿನ ‘ಬೇಡ’ದಿಂದ ಸ್ಥಿರಾಸ್ತಿಯ ಹಕ್ಕು ಹೋಗುವುದಿಲ್ಲ, ಉಪನೋಂದಣಿ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರವಾಗಬೇಕು. ಇಷ್ಟು ವರ್ಷ ಅವಳೇಕೆ ಕೇಳಲಿಲ್ಲ ಎನ್ನುವುದಕ್ಕೂ ಒಂದು ಗಟ್ಟಿ ಕಾರಣವಿದೆ. ಉತ್ತರಾಧಿಕಾರ ಕಾಯ್ದೆಯ 23ನೇ ಕಲಮಿನ ಪ್ರಕಾರ, ಮನೆಯವರೇ ವಾಸವಾಗಿರುವ ಮನೆಯನ್ನು ಗಂಡುಮಕ್ಕಳು ತಾವಾಗಿ ಪಾಲು ಮಾಡಿಕೊಳ್ಳುವ ತನಕ ಹೆಣ್ಣುಮಕ್ಕಳು ಪಾಲು ಮಾಡಿಕೊಡಿ ಎಂದು ಕೇಳುವಂತೆಯೇ ಇರಲಿಲ್ಲ. ಪಾಲಿತ್ತು, ಕೇಳುವ ದಾರಿ ಇರಲಿಲ್ಲ. ಆ ಕಲಮನ್ನು ತೆಗೆದುಹಾಕಿದ್ದು 2005ರ ಸೆಪ್ಟೆಂಬರ್ 9ರಿಂದ. ನಿಮ್ಮ ಅತ್ತೆಗೆ ಆಗ 57. ಅವಳು ಸುಮ್ಮನಿದ್ದದ್ದು ಔದಾರ್ಯವೆಂದು ಅಣ್ಣತಮ್ಮಂದಿರು ಎಣಿಸಿಕೊಂಡರು. ಈ ಕಲಮಿನ ಸಂಖ್ಯೆಯನ್ನು ಕತೆಯಲ್ಲಿ ಎಲ್ಲೂ ತರಬೇಡಿ, ಅದು ನಿಮ್ಮ ಮೇಜಿನ ಮೇಲಿರಲಿ.

ಇಬ್ಬರೂ ಅವಳ ಹತ್ತಿರ ಬರುತ್ತಾರೆ, ಒಂದೇ ಕಾರಿನಲ್ಲಿ ಬಂದರೆ ಇನ್ನೂ ಒಳ್ಳೆಯದು. ಬಸ್ಸು ತಪ್ಪಿತೆಂದು ಮಾನಸಾಳ ಕಾರು ಹತ್ತಬೇಕಾದ ಶ್ರೀಪತಿ, ಬೆಲ್ಟು ಹಾಕಿಕೊಳ್ಳಲು ತಿಳಿಯದೆ ಅವಳಿಂದಲೇ ಹಾಕಿಸಿಕೊಳ್ಳಲಿ. ಅವನಿಗೆ ಅತ್ತೆಯ ಸಹಿ ಬೇಕು, ಅವಳಿಗೆ ಅತ್ತೆ ಸಹಿ ಹಾಕಬಾರದು. ಶ್ರೀಪತಿ ಎಂದಿನ ಮಾತು ಎತ್ತುತ್ತಾನೆ, “ನೀವು ಹೇಗೂ ಆಗಲೇ ಬೇಡ ಅಂದಿದ್ರಲ್ಲ ಅತ್ತೆ.” ಅವಳು ಕೇಳುತ್ತಾಳೆ, “ಯಾವಾಗ ಅಂದೆ?”

ಆ ಪ್ರಶ್ನೆಗೆ ಇಬ್ಬರ ಬಳಿಯೂ ಉತ್ತರವಿಲ್ಲ. ಚೀಟಿಯ ವಿಷಯ ಅವಳೇ ತೆಗೆಯುವುದೂ ಇಲ್ಲಿಯೇ, ತಮಾಷೆಯ ದನಿಯಲ್ಲಿ: “ಬರೆದುಕೊಟ್ಟವನು ನಿನ್ನಪ್ಪ ಕಣೆ. ನನ್ನತ್ರ ಯಾರೂ ಬರೆಸಿಕೊಳ್ಳಲೇ ಇಲ್ಲ.” ಒಂದೇ ಮಾತಿನಲ್ಲಿ ಮಾನಸಾಗೆ ಅಪ್ಪನ ವಿಷಯ ತಿಳಿಯಿತು, ಶ್ರೀಪತಿಯ ಮೌನ ಬಯಲಾಯಿತು, ಅತ್ತೆಯ ಪಾಲು ಎದ್ದು ಕೂತಿತು.

ಅಂತ್ಯದ ಚಿಂತೆ ಇದರಿಂದ ತಾನಾಗಿ ಹಗುರವಾಗುತ್ತದೆ. ಮನೆ ಉಳಿಯಿತೋ ಹೋಯಿತೋ ಎಂದು ತೀರ್ಮಾನಿಸುವ ಅಧಿಕಾರ ನಿಮ್ಮ ಇಬ್ಬರು ಪಾತ್ರಗಳಿಗೂ ಇಲ್ಲವಾದ್ದರಿಂದ, ನೀವೂ ತೀರ್ಮಾನಿಸಬೇಕಾಗಿಲ್ಲ. ಸಹಿಗೆಂದು ತಂದ ಕಾಗದ ಓದಲು ಅತ್ತೆ ಕನ್ನಡಕ ಕೇಳಿ, “ಇದರಲ್ಲಿ ನನ್ನ ಭಾಗ ಎಷ್ಟು ಅಂತ ಎಲ್ಲಿ ಬರೆದಿದೆ?” ಎನ್ನುವಲ್ಲಿ ನಿಲ್ಲಿಸಬಹುದು. ಅವಳು ಸಹಿ ಹಾಕುತ್ತಾಳೋ ಇಲ್ಲವೋ ಎಂಬುದು ಓದುಗನಿಗೆ ತಿಳಿಯದಿದ್ದರೂ ಕತೆ ಮುಗಿದಿರುತ್ತದೆ. ಅಲ್ಲಿಂದಾಚೆಗೆ ಹೆಬ್ಬಾಗಿಲು, ದೀಪ, ಮಳೆ ಯಾವುದನ್ನೂ ತೋರಿಸಲು ಹೋಗಬೇಡಿ.

ಒಟ್ಟು ಮೂರು ದೃಶ್ಯ: ಅಳತೆ, ಕಾರು, ಅತ್ತೆಯ ಮನೆ. ಎರಡು ಸಾವಿರ ಪದದ ಕತೆಯಾದರೆ ಅತ್ತೆಯ ಮನೆಗೆ ಅರ್ಧದಷ್ಟು ಜಾಗ ಬಿಡಿ, ಕಾರಿಗೆ ಮುನ್ನೂರು ಪದ ಮೀರಬಾರದು. ನೋಟ ಮಾನಸಾಳದೇ ಇರಲಿ, ಶ್ರೀಪತಿಯ ಮನಸ್ಸಿನೊಳಗೆ ಹೋದರೆ ಚೀಟಿ ಮೊದಲ ಪುಟದಲ್ಲೇ ಹೊರಬಂದುಬಿಡುತ್ತದೆ. ಮುಂಬೈ ಚಿಕ್ಕಪ್ಪ, ಹಿರಿಯ ಅತ್ತೆ, ಮಾನಸಾಳ ತಾಯಿ, ಶ್ರೀಪತಿಯ ತಂಗಿ ಇವರನ್ನೆಲ್ಲ ವೇದಿಕೆಗೆ ಕರೆಯಬೇಡಿ. ಅಳತೆಯ ದೃಶ್ಯದಲ್ಲಿ ವ್ಯಾಪಾರಿಯ ಬಾಯಲ್ಲಿ “ಒಟ್ಟು ಎಷ್ಟು ಸಹಿ ಆಗ್ಬೇಕು ಸ್ವಾಮಿ?” ಎಂಬ ಪ್ರಶ್ನೆ ಬರಲಿ, ಶ್ರೀಪತಿ “ಏಳು” ಎನ್ನಲಿ. ಈಗಿರುವ ಕರಡಿನಲ್ಲಿ ಅಜ್ಜ ಮನೆ ಕಟ್ಟಿಸಿದ ಒಂದೂವರೆ ಪುಟದ ಕತೆ ಇದೆಯಲ್ಲ, ಅದನ್ನು ಪೂರ್ತಿ ತೆಗೆಯಿರಿ. ಅದರಿಂದ ಉಳಿಸಿಕೊಳ್ಳಬೇಕಾದದ್ದು ಇಷ್ಟೇ: ಜಾಗ ಅಜ್ಜ ಕೊಂಡದ್ದು, ಅಜ್ಜನಿಗೆ ಅವನ ಅಪ್ಪನಿಂದ ಬಂದದ್ದಲ್ಲ. ಈ ಒಂದು ಮಾತು ತಪ್ಪಿದರೆ ಮೇಲಿನ ಪಾಲಿನ ಲೆಕ್ಕವೆಲ್ಲ ಬೇರೆಯಾಗುತ್ತದೆ.